ಅಕ್ಕನ ಪರೀಕ್ಷೆಗೆ ಕಟ್ಟಿದ ಹಾಡು

ಪ್ರತಿ ವರ್ಷ ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಖಾಲಿಯಾಗುವಷ್ಟರಲ್ಲಿ ಯಾವುದಾದರೂ ಶಾಲೆಯಿಂದ ನನಗೆ ಫೋನು ಬರುತ್ತದೆ. ಹತ್ತನೆಯ ತರಗತಿಯ ಮಕ್ಕಳಿಗೆ ಬೀಳ್ಕೊಡುಗೆ ಸಮಾರಂಭ ಇದೆ, ಒಂದು ಸ್ಫೂರ್ತಿಗೀತೆ ಬರೆದುಕೊಡಿ, ಸ್ವಲ್ಪ ಜೋರಾಗಿರಲಿ ಎನ್ನುತ್ತಾರೆ. ಹಾಡು ಬರೆಯುವುದೇ ನನ್ನ ಕಸುಬಾಗಿರುವುದರಿಂದ ಇಲ್ಲ ಎನ್ನುವುದಿಲ್ಲ. ಆದರೆ ನಾನು ಮೊದಲು ಕೇಳುವ ಪ್ರಶ್ನೆಗೆ ಅವರು ತಬ್ಬಿಬ್ಬಾಗುತ್ತಾರೆ. ತಾಲೀಮು ಎಲ್ಲಿ ಮಾಡುತ್ತೀರಿ? ಪರೀಕ್ಷೆಗೆ ಕೂಡುವ ಮಕ್ಕಳ ಕಿವಿಗೆ ಅದು ಎಷ್ಟು ಸಲ ಬೀಳುತ್ತದೆ? ಇದೆಂಥ ವಿಚಿತ್ರ ಹೆಂಗಸು ಎಂದು ಅವರಿಗೆ ಅನ್ನಿಸುತ್ತಿರಬೇಕು. ಅನ್ನಿಸಲಿ. ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಮನೆಯ ಪಡಸಾಲೆಯಲ್ಲಿ ಹದಿಮೂರು ಹುಡುಗಿಯರು ಸೇರಿ ಒಂದು ಸ್ಫೂರ್ತಿಗೀತೆಯಿಂದ ನನ್ನ ಅಕ್ಕನನ್ನು ಬಚ್ಚಲಮನೆಗೆ ಅಟ್ಟಿದ್ದೆವು. ಆ ಹದಿಮೂರರಲ್ಲಿ ನಾನೂ ಒಬ್ಬಳು, ಮತ್ತು ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ ಆಗಿತ್ತು.

ಧಾರವಾಡದ ಮಾಳಮಡ್ಡಿಯ ಆ ಬಾಡಿಗೆ ಮನೆ ರೈಲಿನ ಡಬ್ಬಿಯಂತೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಕೊನೆಗೆ ಹಿತ್ತಲಿಗೆ ಅಂಟಿಕೊಂಡ ಬಚ್ಚಲು. ಪಡಸಾಲೆಗೂ ನಡುಮನೆಗೂ ನಡುವೆ ಬಾಗಿಲಿರಲಿಲ್ಲ, ಅವ್ವನ ಹಳೆಯ ಇಳಕಲ್ ಸೀರೆಯ ಪರದೆ ಇತ್ತು. ಪಡಸಾಲೆಯಲ್ಲಿ ಅಪ್ಪನ ಮೇಜು ಮತ್ತು ಕಮಲತ್ತಿಯ ಹಾರ್ಮೋನಿಯಂ ಎದುರು ಬದುರಾಗಿದ್ದವು. ಅಪ್ಪ ನಾವು ಓದುತ್ತಿದ್ದ ಶಾಲೆಯಲ್ಲೇ ಕನ್ನಡ ಮಾಸ್ತರು. ಕಮಲತ್ತಿ ಅಪ್ಪನ ತಂಗಿ, ಮದುವೆಯ ಗೊಡವೆಗೆ ಹೋಗದೆ ಓಣಿಯ ಮಕ್ಕಳಿಗೆ ಹಿಂದೂಸ್ತಾನಿ ಹಾಡುಗಾರಿಕೆ ಕಲಿಸುತ್ತಿದ್ದಳು. ಅವ್ವ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಆರೂವರೆಗೆ ಮನೆ ಸೇರುತ್ತಿದ್ದಳು. ಹೀಗಾಗಿ ಹಗಲಿನ ರಾಜ್ಯಭಾರವೆಲ್ಲ ಅಣ್ಣ-ತಂಗಿಯರದ್ದು, ಅವರಿಬ್ಬರ ಜಗಳವೂ ಹಗಲಿನದೇ.

ಆ ಮನೆಯಲ್ಲಿ ಎರಡು ಪದ್ಧತಿಗಳಿದ್ದವು. ಒಂದು ಅಪ್ಪನ ಕೆಂಪು ಪೆನ್ನು. ಅದು ಅವರ ಅಂಗಿಯ ಕಿಸೆಯಲ್ಲಿ ಸದಾ ಇರುತ್ತಿತ್ತು, ಮನೆಯೊಳಗೆ ಬರೆದ ಯಾವ ಕಾಗದವೂ ಅದರ ಕೈಯಿಂದ ಪಾರಾಗುತ್ತಿರಲಿಲ್ಲ. ಅವ್ವ ಬರೆದ ಕಿರಾಣಿ ಚೀಟಿಯನ್ನೂ ತಿದ್ದಿ, ಅಂಚಿನಲ್ಲಿ ‘ಅಕ್ಷರ ದುಂಡಗಿರಲಿ’ ಎಂದು ಷರಾ ಬರೆದು ಅಂಗಡಿಗೆ ಕಳಿಸುತ್ತಿದ್ದರು. ಇನ್ನೊಂದು ಕಮಲತ್ತಿಯದು. ಕಲಿಯಬೇಕಾದದ್ದನ್ನೆಲ್ಲ ಹಾಡಬೇಕು, ಹಾಡಿದ್ದನ್ನೇ ಮತ್ತೆ ಮತ್ತೆ ಹಾಡಬೇಕು. ಅಕ್ಕನೂ ನಾನೂ ಮಗ್ಗಿ ಕಲಿತದ್ದು ಭೂಪ ರಾಗದಲ್ಲಿ. ಅದರಲ್ಲಿ ಐದೇ ಸ್ವರ, ಮಕ್ಕಳ ಬಾಯಿಗೆ ಸಲೀಸು. ಅಣ್ಣ-ತಂಗಿ ಉಳಿದ ಎಲ್ಲ ವಿಷಯಗಳಲ್ಲಿ ಹಾವು-ಮುಂಗುಸಿಯಾಗಿದ್ದರೂ ಒಂದನ್ನು ಇಬ್ಬರೂ ನಂಬಿದ್ದರು. ಒಳ್ಳೆಯ ಮಾತು ಕಿವಿಗೆ ಎಷ್ಟು ಸಲ ಬಿದ್ದರೆ ಅಷ್ಟು ಒಳ್ಳೆಯದು ಎಂದು. ನಮ್ಮ ಮನೆಯ ಎಡವಟ್ಟು ಆಗಿದ್ದು ಇಲ್ಲಿಯೇ.

ಅಕ್ಕ ಸವಿತಾ ಆ ವರ್ಷ ಎಸ್ಸೆಸ್ಸೆಲ್ಸಿ. ದಡ್ಡಿಯಂತೂ ಅಲ್ಲ. ನಡುಮನೆಯ ಚಾಪೆಯ ಮೇಲೆ ಕೂತು ಮಾಡುವ ಲೆಕ್ಕ ಪರೀಕ್ಷೆಯ ಕೋಣೆಯಲ್ಲಿ ಬರುತ್ತಿರಲಿಲ್ಲ, ಅಷ್ಟೇ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತದ ಉತ್ತರಪತ್ರಿಕೆ ಅರ್ಧಕ್ಕರ್ಧ ಖಾಲಿ ಬಂತು. ಮನೆಗೆ ಬಂದು ಅದೇ ಪ್ರಶ್ನೆಗಳನ್ನು ಚುರಮುರಿ ತಿನ್ನುತ್ತಾ ಮಾಡಿಬಿಟ್ಟಳು. ಅಪ್ಪನಿಗೆ ಇದು ಬಗೆಹರಿಯದ ಒಗಟಾಯಿತು. ಬರುತ್ತದೆ ಎಂದಮೇಲೆ ಬರೆಯಲಿಕ್ಕೇನು? ಧೈರ್ಯ ಒಂದು ಕಡಿಮೆ, ತುಂಬಿದರಾಯಿತು ಎಂದು ತೀರ್ಮಾನಿಸಿದರು. ಅದೇ ವಾರ ಮುಖ್ಯೋಪಾಧ್ಯಾಯರು ಅವರನ್ನು ಕರೆದು ಬೀಳ್ಕೊಡುಗೆಗೆ ಒಂದು ಸ್ಫೂರ್ತಿಗೀತೆ ಬರೆಯಲು ಹೇಳಿದರು. ಹಾಡುವವರು ನಾವು, ಏಳನೆಯ ತರಗತಿಯ ಹುಡುಗಿಯರು. ಅಪ್ಪನಿಗೆ ಒಂದೇ ಕಲ್ಲಿಗೆ ಎರಡು ಹಣ್ಣು ಬಿದ್ದಷ್ಟು ಖುಷಿಯಾಯಿತು. ತಾಲೀಮನ್ನು ಶಾಲೆಯಲ್ಲಿ ಇಡದೆ ನಮ್ಮ ಪಡಸಾಲೆಯಲ್ಲೇ ಇಟ್ಟರು. ಪರದೆಯ ಆಚೆ ಸವಿ ಓದುತ್ತಿರುತ್ತಾಳೆ, ದಿನಾ ಸಂಜೆ ಒಂದು ತಾಸು ಸ್ಫೂರ್ತಿ ತಾನಾಗಿಯೇ ಅವಳ ಕಿವಿಗೆ ಹೋಗುತ್ತದೆ ಎಂಬುದು ಅವರ ಲೆಕ್ಕ.

ಅಪ್ಪ ಬರೆದ ಹಾಡು ಇದು:

ಏಳು ಏಳೆಲೆ ವೀರ ಬಾಲೆ, ನಾಡೆ ನಿನ್ನನು ನೋಡಿದೆ
ಹೆತ್ತವರ ಕನಸಿನ ಗುಡಿಗೆ ಕಳಸ ನೀನೆ, ಗೆದ್ದು ಬಾ!

ಕಮಲತ್ತಿ ಅದಕ್ಕೆ ಓಡುವ ಕೆಹರವಾ ತಾಳ ಹಾಕಿದಳು. ಎಂಟು ಮಾತ್ರೆ, ಉಸಿರಾಡಲು ಎಲ್ಲೂ ಜಾಗವಿಲ್ಲ. ‘ಗೆದ್ದು ಬಾ’ ಎಂಬಲ್ಲಿ ರಾಗ ಮೇಲಿನ ಷಡ್ಜ ದಾಟಿ ಗಾಂಧಾರಕ್ಕೆ ಹಾರುತ್ತಿತ್ತು, ಅದನ್ನು ಮೂರು ಸಲ ಹೇಳಿ ಕಡೆಯ ‘ಬಾ’ ತಾಳದ ಮೊದಲ ಪೆಟ್ಟಾದ ಸಮ್ಮಿಗೆ ಬಂದು ಬೀಳಬೇಕು. ಹದಿಮೂರು ಹುಡುಗಿಯರಿಗೆ ಆ ಎತ್ತರದಲ್ಲಿ ಹಾಡಲು ಬರುವುದಿಲ್ಲ, ಕಿರುಚಲು ಬರುತ್ತದೆ. ನಾವು ಕಿರುಚಿದೆವು. ಅಪ್ಪ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ, ಪರದೆಯ ಕಡೆಗೊಮ್ಮೆ ನೋಡಿ, ಇನ್ನೊಂದು ಸಲ ಎನ್ನುತ್ತಿದ್ದರು. ನನಗಂತೂ ಆ ಹಾಡು ಮೈಮೇಲೆ ಬಂದಂತಾಗುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗಲೂ ‘ಗೆದ್ದು ಬಾ’ ಎನ್ನುತ್ತಿದ್ದೆ.

ನಾಲ್ಕೋ ಐದೋ ದಿನವಾದ ಮೇಲೆ ಒಂದು ಸಂಜೆ ತಾಲೀಮಿನ ನಡುವೆ ನೀರು ಕುಡಿಯಲು ಒಳಗೆ ಹೋದೆ. ನಡುಮನೆಯ ಚಾಪೆ ಖಾಲಿ ಇತ್ತು. ಬಚ್ಚಲಿನಲ್ಲಿ ನಳದ ನೀರು ಸುರಿಯುವ ಸದ್ದು. ನಮ್ಮ ಓಣಿಗೆ ವಾರಕ್ಕೊಮ್ಮೆ ನೀರು ಬಿಡುತ್ತಿದ್ದ ದಿನಗಳು ಅವು, ಟಾಕಿಯ ನೀರನ್ನು ಹಾಗೆ ಬಿಟ್ಟವರು ಯಾರೆಂದು ಸಿಟ್ಟಿನಿಂದ ಬಾಗಿಲು ದೂಡಿದೆ. ಅಕ್ಕ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಿದ್ದಳು, ತೊಡೆಯ ಮೇಲೆ ಗಣಿತದ ಪುಸ್ತಕ.

“ಇಲ್ಲ್ಯಾಕ ಕುಂತಿ ಅಕ್ಕಾ?”

“ನಳಾ ಬಿಟ್ಟರ ಇಲ್ಲಿ ನಿಮ್ಮ ಹಾಡು ಕೇಳಸೂದಿಲ್ಲ.”

“ಯಾಕ, ಹಾಡು ಛಲೋ ಇಲ್ಲೇನು?”

“ಛಲೋ ಐತಿ. ಅದಕ್ಕ ಅದು ತಲ್ಯಾಗಿಂದ ಹೋಗವಲ್ದು. ಲೆಕ್ಕಾ ಮಾಡಾಕ ಕುಂತ್ರ ನಾಡೇ ನನ್ನ ನೋಡಾಕತ್ತೈತಿ ಅನಸ್ತದ. ಕೈ ನಿಂತಬಿಡ್ತದ ನೋಡು.” ಪುಸ್ತಕ ಮುಚ್ಚಿ ಹೇಳಿದಳು: “ನಂದಾ, ಗಣಿತದ ದಿನಾ ನಾ ಪರೀಕ್ಷಾಕ್ಕ ಹೋಗಂಗಿಲ್ಲ. ಖರೇನ ಹೋಗಂಗಿಲ್ಲ. ಯಾರ ಮುಂದೂ ಹೇಳಬ್ಯಾಡ.”

ನನಗೆ ಹನ್ನೆರಡು ವರ್ಷ. ಹಿರಿಯರಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಮಾತ್ರ ಗೊತ್ತಿರುವುದೆಂದರೆ ಹೆಮ್ಮೆಯಾಗಬೇಕಿತ್ತು, ಆಗಲಿಲ್ಲ. ಪಡಸಾಲೆಗೆ ಮರಳಿ ಬಂದು ಹುಡುಗಿಯರ ಜೊತೆ ನಿಂತೆ, ‘ಗೆದ್ದು ಬಾ’ ಬಂದಾಗ ನನ್ನ ಬಾಯಿ ತೆರೆಯಲಿಲ್ಲ. ನನ್ನ ದನಿ ಇಲ್ಲದಿದ್ದರೆ ಆ ಹಾಡು ಅರ್ಧ ಇಳಿದುಬಿಡುತ್ತಿತ್ತು. ಕಮಲತ್ತಿ ಹಾರ್ಮೋನಿಯಂ ನಿಲ್ಲಿಸದೆ ನನ್ನ ಮುಖವನ್ನೇ ನೋಡಿದಳು. ಹುಡುಗಿಯರೆಲ್ಲ ಹೋದ ಮೇಲೆ ಹಾರ್ಮೋನಿಯಂನ ಗಾಳಿ ಹಾಕುವ ಭಾತೆ ಮುಚ್ಚುತ್ತಾ ಏನಾಯಿತೆಂದು ಕೇಳಿದಳು. ಮೂರು ದಿನ ತಡೆದುಕೊಂಡೆ, ನಾಲ್ಕನೆಯ ದಿನ ಅರ್ಧ ಹೇಳಿದೆ. ಬಚ್ಚಲಿನ ಸುದ್ದಿ ಹೇಳಿದೆ, ಪರೀಕ್ಷೆಗೆ ಹೋಗುವುದಿಲ್ಲವೆಂದ ಮಾತನ್ನು ನುಂಗಿಕೊಂಡೆ. ಅಕ್ಕ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು, ಅದು ನ್ಯಾಯವೇ.

ನಾನು ಹೇಳಿದ ಸಂಜೆಯೇ ಕಮಲತ್ತಿ ಅಪ್ಪನ ಮೇಜಿನ ಮುಂದೆ ನಿಂತಳು.

“ಅಣ್ಣಾ, ನಾಳಿಯಿಂದ ತಾಲೀಮು ಮನ್ಯಾಗ ಬ್ಯಾಡ.”

“ಯಾಕ? ಮನ್ಯಾಗಿದ್ರ ಸವಿ ಕಿವಿಗೆ ಬೀಳ್ತದ.”

“ಬೀಳ್ತದಂತನ ಬ್ಯಾಡ ಅನ್ನಾಕತ್ತೇನಿ. ಹುಡುಗಿ ಬಚ್ಚಲದಾಗ ಕುಂತು ಓದಾಕತ್ತಾಳ.”

“ಬಚ್ಚಲದಾಗ?” ಅಪ್ಪನಿಗೆ ಸಿಟ್ಟಿಗಿಂತ ಅವಮಾನವೇ ಹೆಚ್ಚಾಯಿತು. “ಏನೈತಿ ಆ ಹಾಡಿನ್ಯಾಗ ಅಂಥಾದ್ದು? ಒಂದರೆ ತಪ್ಪು ತೋರಿಸು ನೋಡೂಣು!”

“ನಾ ಯಾಕ ತೋರಿಸ್ಲಿ? ಹಾಡು ಯಾರಿಗೆ ಬರದಿಯೋ ಅಕಿಗೇ ಕೊಡು. ಅಕಿನ ತಿದ್ದಲಿ. ನಿನ್ನ ಕೆಂಪು ಪೆನ್ನೂ ಕೊಡು.”

ಅಪ್ಪ ಕೆಂಪು ಪೆನ್ನನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಹಠಕ್ಕೆ ಬಿದ್ದು ಕೊಟ್ಟರು. ಮರುದಿನ ಭಾನುವಾರ. ಮುಂಜಾನೆ ಅವ್ವ ಪಡಸಾಲೆಯಲ್ಲಿ ಅವಲಕ್ಕಿ ಬಡಿಸುತ್ತಿದ್ದಾಗ ಅಕ್ಕ ಹಾಳೆ ತಂದು ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋಗಿಬಿಟ್ಟಳು. ಅಪ್ಪ ಕನ್ನಡಕ ಏರಿಸಿ, ತರಗತಿಯಲ್ಲಿ ಓದುವ ದನಿಯಲ್ಲಿ, ನಮ್ಮನ್ನು ನಗಿಸುವ ಉದ್ದೇಶದಿಂದಲೇ ಗಟ್ಟಿಯಾಗಿ ಓದತೊಡಗಿದರು. ‘ವೀರ ಬಾಲೆ’ಯ ಎದುರು ಅಂಚಿನಲ್ಲಿ: ‘ಇವಳು ಯಾರು? ನಮ್ಮ ಕ್ಲಾಸಿನಲ್ಲಿ ಇಲ್ಲ.’ ‘ನಾಡೆ ನಿನ್ನನು ನೋಡಿದೆ’ ಎಂಬುದರ ಎದುರು: ‘ಯಾಕೆ? ಅವರಿಗೆ ಬೇರೆ ಕೆಲಸ ಇಲ್ಲವೇ?’ ಅವ್ವ ನಕ್ಕಳು. ‘ಹೆತ್ತವರ ಕನಸು’ ಎಂಬುದರ ಕೆಳಗೆ ಎರಡು ಗೆರೆ ಎಳೆದು: ‘ಪ್ರಶ್ನೆಪತ್ರಿಕೆಗೆ ಸಂಬಂಧವಿಲ್ಲ.’ ಅಪ್ಪನಿಗೂ ನಗು ಬಂತು, ಷರಾ ಬರೆಯುವುದನ್ನು ಮಗಳು ಚೆನ್ನಾಗಿ ಕಲಿತಿದ್ದಾಳೆ ಎಂದರು. ಕೊನೆಗೆ ‘ಗೆದ್ದು ಬಾ’ ಎಂಬಲ್ಲಿಗೆ ಬಂದರು. ಅಲ್ಲಿ ಎರಡೇ ಪದವಿತ್ತು. ‘ಹೋದರೆ ತಾನೇ.’

ಅಪ್ಪ ಅದನ್ನೂ ಗಟ್ಟಿಯಾಗಿಯೇ ಓದಿದರು. ಓದಿದ ಮೇಲೆ ಅರ್ಥವಾಯಿತು. ಅವ್ವನ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಅಪ್ಪ ನನ್ನ ಕಡೆ ನೋಡಿದರು, ನಾನು ತಟ್ಟೆ ನೋಡಿದೆ, ಅವರಿಗೆ ಅಷ್ಟು ಸಾಕಾಯಿತು. ಮೂವತ್ತು ವರ್ಷ ಮಕ್ಕಳ ಉತ್ತರಗಳನ್ನು ಓದಿದ ಮನುಷ್ಯ ತನ್ನ ಮಗಳ ಎರಡು ಪದ ಓದಿ ಅಷ್ಟು ಸಣ್ಣಗಾದದ್ದನ್ನು ನೋಡಿ ನನಗೆ ಅಳು ಬಂತು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಇದೆ ಎಂದು ನನಗೇ ಗೊತ್ತಿರಲಿಲ್ಲ.

ಅವರು ಕೈಕಟ್ಟಿ ಕೂಡುವವರಲ್ಲ. ಮಧ್ಯಾಹ್ನದೊಳಗೆ ಎರಡನೆಯ ಹಾಡು ಬರೆದರು. ಈ ಸಲ ಬಲು ಮೆತ್ತಗೆ. ‘ಸೋತರೂ ನೀ ನಮ್ಮ ಮಗಳು, ಅಂಕವೊಂದೇ ಬಾಳಲ್ಲ, ಅಂಜಬೇಡ, ಅಂಜಬೇಡ, ನಾವು ಏನೂ ಅನ್ನೋದಿಲ್ಲ.’ ಬರೆದು ತಾವೇ ಹಿತ್ತಲಿಗೆ ಒಯ್ದು ಅಕ್ಕನ ಕೈಗೆ ಕೊಟ್ಟರು. ನಾವೆಲ್ಲ ಅಡುಗೆಮನೆಯ ಕಿಟಕಿಯಲ್ಲಿ ಕಿವಿ ಇಟ್ಟೆವು. ಅಕ್ಕ ಓದಿ ಹಾಳೆಯನ್ನು ಅಪ್ಪನ ಕೈಗೇ ಮರಳಿ ಕೊಟ್ಟಳು.

“ಅಪ್ಪಾ, ಸಿಟ್ಟಾಗಬ್ಯಾಡ್ರಿ. ಇದು ಅದಕ್ಕಿಂತ ಕೆಟ್ಟ ಐತ್ರಿ.”

“ಇದರಾಗೇನು ತಪ್ಪೈತಿ ಸವಿ? ಗೆಲ್ಲು ಅಂತ ಎಲ್ಲೂ ಅಂದಿಲ್ಲಲಾ ನಾ?”

“ಸೋತರೂ ಅಂದೀರಲ್ರಿ. ಅಂದ್ರ ನಾ ಸೋಲತೇನಿ ಅಂತ ನಿಮಗ ಅನಸೇತಿ. ಮತ್ತ ಅಂಜಬ್ಯಾಡ ಅಂತ ಎರಡೆರಡ ಸಲಾ ಅಂದ್ರ, ಅಂಜೂ ಹಂತಾದ್ದು ಏನೋ ಐತಿ ಅಂತ ಆತಲಾ?”

ಅಪ್ಪ ಹಿತ್ತಲಿನ ಬತ್ತಿದ ಬಾವಿಯ ಕಟ್ಟೆಯ ಮೇಲೆ ಕೂತರು. “ಹಂಗಾರ ನಿನಗ ಏನು ಕೇಳಬೇಕನಸ್ತದವಾ? ನೀನ ಹೇಳು.”

“ಏನೂ ಬ್ಯಾಡ್ರಿ. ಮೊದಲ ನೀವು ಏನು ಕೇಳತಿದ್ರಿ ನನಗ? ಊಟಾ ಆತೇನು, ನೀರ ಕುಡದೀಯೇನು, ಛತ್ರಿ ತಗೊಂಡೀಯೇನು. ಹತ್ತನೇತ್ತಾಕ್ಕ ಬಂದಮ್ಯಾಲ ಅದನ್ನೆಲ್ಲಾ ಬಿಟ್ಟಬಿಟ್ರಿ. ಈಗ ಕೇಳಿದ್ರ ಎಷ್ಟು ಪಾಠಾ ಆತು ಅಂತನ ಕೇಳತೀರಿ.”

ಕಿಟಕಿಯ ಒಳಗೆ ಅವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಕಮಲತ್ತಿ ಮಾತ್ರ ಆಗಲೇ ತನ್ನ ಹೊಟ್ಟೆಯ ಮೇಲೆ ಬೆರಳಿನಿಂದ ಏನೋ ಎಣಿಸುತ್ತಿದ್ದಳು. ಊಟ, ಮೂರು ಮಾತ್ರೆ. ಆತ, ಮೂರು ಮಾತ್ರೆ. ನೀರು, ಕುಡಿದಿ. ಆರು ಮಾತ್ರೆಯ ದಾದರಾ ತಾಳಕ್ಕೆ ಅಳತೆ ತೆಗೆದು ಹೊಲಿದ ಹಾಗಿದೆ ಎಂದು ಗುನುಗತೊಡಗಿದಳು. ಧಾ ಧೀ ನಾ, ಧಾ ತೂ ನಾ. ಮಕ್ಕಳನ್ನು ತೂಗುವ ತಾಳ ಅದು.

ಮುಂದಿನ ಒಂದು ವಾರ ನಮ್ಮ ಪಡಸಾಲೆ ಹೊಲಿಗೆಯ ಅಂಗಡಿಯಾಯಿತು. ಅಪ್ಪನಿಗೆ ದೊಡ್ಡ ಸಂಕಟ ಭಾಷೆಯದು. ಅತಿಥಿಗಳ ಮುಂದೆ, ವೇದಿಕೆಯ ಮೇಲೆ, ಕನ್ನಡ ಮಾಸ್ತರು ಬರೆದ ಹಾಡು ‘ಊಟ ಆತ’ ಎಂದು ಶುರುವಾಗುವುದೇ? ‘ಭೋಜನವಾಯಿತೆ’ ಎಂದರಾಗದೆ ಎಂದು ಕೇಳಿದರು. ಕಮಲತ್ತಿ ಹಾರ್ಮೋನಿಯಂ ಮೇಲೆ ಅದನ್ನು ಹಾಡಿ ತೋರಿಸಿದಳು, ಅವ್ವ ನಕ್ಕು ಅಡುಗೆಮನೆಗೆ ಓಡಿದಳು, ಆ ವಾದ ಅಲ್ಲಿಗೆ ಮುಗಿಯಿತು. ಆಮೇಲೆ ಕಮಲತ್ತಿ ಒಂದು ನೇಮ ಮಾಡಿದಳು. ಹಾಡಿನಲ್ಲಿ ಅಕ್ಕ ಮಾಡಬೇಕಾದ್ದು ಏನಾದರೂ ಇದ್ದರೆ ಅದು ಆ ಕ್ಷಣಕ್ಕೆ ಕೈಗೆ ಎಟಕುವಂಥದ್ದಿರಬೇಕು. ಪೆನ್ನು ಹಿಡಿಯುವುದು ಅವಳ ಕೈಯಲ್ಲಿದೆ, ಗೆಲ್ಲುವುದು ಅವಳ ಕೈಯಲ್ಲಿಲ್ಲ. ಪರೀಕ್ಷೆಯಲ್ಲಿ ಬರೆಯಲು ಶುರು ಮಾಡುವ ಮೊದಲು ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ ಹದಿನೈದು ನಿಮಿಷ ಕೊಡುತ್ತಾರೆ. ಅಕ್ಕ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆ ಕಾಲು ತಾಸಿನಲ್ಲೇ ಗಾಬರಿಯಾಗಿ, ಬಾರದ ಒಂದು ಲೆಕ್ಕಕ್ಕೆ ಕಣ್ಣು ಅಂಟಿಸಿಕೊಂಡು ಕೂತು, ಬರುವುದನ್ನೆಲ್ಲ ಮರೆತದ್ದಾಗಿ ಒಪ್ಪಿಕೊಂಡಳು. ಆ ಕಾಲು ತಾಸು ಹಾಡಿನಲ್ಲಿ ಬಂತು. ಛತ್ರಿ ಬಂತು. ಕಡೆಯ ಚರಣ ಅವ್ವನದು. ರಾತ್ರಿಯೂಟದ ರೊಟ್ಟಿ ಬಡಿಯುತ್ತಾ, ಅಕಿ ಏನು ಮಾಡಬೇಕಂತ ಹೇಳಿದ್ದು ಸಾಕು, ನಾವೇನು ಮಾಡತೇವಿ ಅನ್ನೂದು ಎಲ್ಲಿ ಐತಿ ಎಂದಳು. ಅಪ್ಪ ಅದನ್ನು ಬರೆದುಕೊಂಡರು, ತಿದ್ದಲಿಲ್ಲ.

ಊಟ ಆತ, ನೀರು ಕುಡಿದಿ, ಪೆನ್ನ ಐತಿ, ಬಾ
ಬಂದ ಲೆಕ್ಕ ಮೊದಲ ಮಾಡ, ಬರದ್ದಿರಲಿ ಬಿಡು

ಕಾಲು ತಾಸು ಬರೇ ಓದು, ಕೈಯ ಕಟ್ಟಿ ಕೂಡು
ಗಂಟಿ ಆದ್ರ ಬರದ ಹಾಳಿ ಅಲ್ಲೆ ಬಿಟ್ಟ ಬಾ

ಗೇಟಿನಾಗ ಛತ್ರಿ ಹಿಡಿದು ಕಾಯತೇವಿ ನಾವು
ಏನು ಬಂತು, ಏನು ಬಿಟ್ಟಿ, ಕೇಳೊದಿಲ್ಲ ಬಾ

ಧಾಟಿಗೆ ಕಮಲತ್ತಿ ಮತ್ತೆ ಭೂಪಕ್ಕೇ ಹೋದಳು, ಅಕ್ಕ ಮಗ್ಗಿ ಕಲಿತ ಆ ಐದು ಸ್ವರಗಳಿಗೆ. ಕೆಳಗಿನ ಪಂಚಮದಿಂದ ಎದ್ದು ನಡುವಿನ ಧೈವತಕ್ಕಿಂತ ಮೇಲೆ ಒಂದು ಸ್ವರವೂ ಹೋಗದಂತೆ ಕಟ್ಟಿದಳು. ಕಿರುಚಲು ಅಲ್ಲಿ ಜಾಗವೇ ಇರಲಿಲ್ಲ. ಪ್ರತಿ ಸಾಲೂ ಇಳಿದು ಷಡ್ಜಕ್ಕೆ ಬಂದು ಕೂಡುತ್ತಿತ್ತು, ಸಾಲಿನ ಕಡೆಯ ಆವರ್ತನದಲ್ಲಿ, ಅಂದರೆ ತಾಳದ ಕೊನೆಯ ಸುತ್ತಿನಲ್ಲಿ, ಮೂರು ಮಾತ್ರೆ ಪದ, ಉಳಿದ ಮೂರು ಮಾತ್ರೆ ಖಾಲಿ. ಆ ಖಾಲಿ ಜಾಗವೇ ನಮಗೆ ಎಲ್ಲಕ್ಕಿಂತ ಕಷ್ಟವಾಯಿತು. ಹುಡುಗಿಯರು ಅದನ್ನು ಏನಾದರೂ ಆಲಾಪದಿಂದ ತುಂಬಿಬಿಡುತ್ತಿದ್ದರು, ಇಲ್ಲವೇ ಮುಂದಿನ ಸಾಲಿಗೆ ನುಗ್ಗುತ್ತಿದ್ದರು.

“ನಾಕ, ಐದ, ಆರ ಅಂತ ಮನಸಿನ್ಯಾಗ ಎಣಿಸ್ರಿ. ಉಸರು ತಗೋರಿ. ನೀವು ಉಸರು ತಗೊಂಡ್ರ ಕೇಳಾಕತ್ತಾವ್ರೂ ತಗೋತಾರ,” ಎಂದು ಕಮಲತ್ತಿ ನಮ್ಮ ಬೆನ್ನಿಗೆ ಕೈಯಿಟ್ಟು ಕಲಿಸಿದಳು. ತಾಲೀಮು ಈಗ ಶಾಲೆಯಲ್ಲಿ. ಮನೆಯಲ್ಲಿ ಯಾರೂ ಆ ಹಾಡನ್ನು ಗುನುಗಕೂಡದು ಎಂದು ಅಪ್ಪ ಕಟ್ಟಪ್ಪಣೆ ಮಾಡಿದರು. ಅಪ್ಪಣೆ ಮುರಿದವಳು ಒಬ್ಬಳೇ, ಅಕ್ಕ. ನಡುಮನೆಯ ಚಾಪೆಯ ಮೇಲೆ ಸಮೀಕರಣ ಬಿಡಿಸುತ್ತಾ, ತನಗೇ ಗೊತ್ತಿಲ್ಲದೆ, ಸಾಲಿನ ಕೊನೆಗೆ ನಿಂತು ಉಸಿರು ತೆಗೆದುಕೊಳ್ಳುವುದು ಪರದೆಯ ಈಚೆ ನಮಗೆ ಕೇಳಿಸುತ್ತಿತ್ತು. ಅಪ್ಪ ಬೆರಳಿನಿಂದ ತಾಳ ಹಾಕಲು ಹೋಗಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಬೀಳ್ಕೊಡುಗೆಯ ದಿನ ನಾವು ಹಾಡಿ ಮುಗಿಸಿದಾಗ ಚಪ್ಪಾಳೆಯೇ ಬರಲಿಲ್ಲ. ಸ್ಫೂರ್ತಿಗೀತೆ ಇಷ್ಟು ಮೆಲ್ಲಗೆ ಮುಗಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಇನ್ನೊಂದು ಚರಣ ಇದೆಯೆಂದು ಕಾಯುತ್ತಿದ್ದರು. ಮುಖ್ಯೋಪಾಧ್ಯಾಯರು ಅಪ್ಪನ ಕಡೆ ನೋಡಿದ ನೋಟದಲ್ಲಿ ಒಳ್ಳೆಯದೇನೂ ಇರಲಿಲ್ಲ. ಅಷ್ಟರಲ್ಲಿ ಹತ್ತನೆಯ ತರಗತಿಯ ಹಿಂದಿನ ಬೆಂಚಿನಿಂದ ಒಬ್ಬಳು “ಒನ್ಸ್ ಮೋರ್!” ಎಂದಳು. ಎರಡನೆಯ ಸಲ ‘ಕೇಳೊದಿಲ್ಲ ಬಾ’ ಎಂಬುದನ್ನು ಅವರೇ ಎತ್ತಿಕೊಂಡರು, ತಂತಮ್ಮ ತಂದೆ-ತಾಯಿ ಕೂತಿದ್ದ ಕಡೆ ತಿರುಗಿ, ಬೆರಳು ಮಾಡಿ, ನಗುತ್ತಾ ಹಾಡಿದರು. ಅಕ್ಕ ಹಾಡಲಿಲ್ಲ. ಸಾಲುಗಳ ನಡುವಿನ ಆ ಖಾಲಿ ಮೂರು ಮಾತ್ರೆಗಳಲ್ಲಿ ಅವಳ ಭುಜ ಏರಿ ಇಳಿಯುವುದನ್ನು ನಾನು ವೇದಿಕೆಯ ಮೇಲಿನಿಂದ ನೋಡಿದೆ.

ಆದರೂ ಹೋಗುತ್ತಾಳೋ ಇಲ್ಲವೋ ಎಂಬುದು ಗಣಿತದ ಪರೀಕ್ಷೆಯ ಬೆಳಗಿನವರೆಗೆ ಯಾರಿಗೂ ಗೊತ್ತಿರಲಿಲ್ಲ, ಯಾರೂ ಕೇಳಲಿಲ್ಲ. ಅವ್ವ ರಜೆ ಹಾಕಿದ್ದಳು, ರಜೆ ಹಾಕಿದ್ದೇಕೆಂದು ಹೇಳಲಿಲ್ಲ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿದಳು, ಅಕ್ಕ ಅರ್ಧ ರೊಟ್ಟಿ ತಿಂದಳು. ಚಪ್ಪಲಿ ಮೆಟ್ಟಿದವಳು ಮತ್ತೆ ಬಿಚ್ಚಿ ಸೀದಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನಳದ ಸದ್ದು ಶುರುವಾಯಿತು. ನಾವು ನಾಲ್ಕೂ ಜನ ಪಡಸಾಲೆಯಲ್ಲಿ ನಿಂತೆವು. ಅಪ್ಪ ಗಡಿಯಾರ ನೋಡಲಿಲ್ಲ, ನೋಡದೇ ಇರಲು ಎಷ್ಟು ಕಷ್ಟಪಡುತ್ತಿದ್ದಾರೆಂದು ಅವರ ಕುತ್ತಿಗೆಯಿಂದಲೇ ತಿಳಿಯುತ್ತಿತ್ತು. ಕಡೆಗೆ ನಳ ನಿಂತಿತು. ಅಕ್ಕ ಮುಖ ತೊಳೆದುಕೊಂಡು ಬಂದಳು.

“ಹಿಂಗ್ಯಾಕ ನಿಂತೀರಿ ಎಲ್ಲಾರೂ? ನಡೀರಿ.”

ಮಗಳು ಬರೆಯುತ್ತಿದ್ದುದರಿಂದ ಅಪ್ಪನಿಗೆ ಆ ವರ್ಷ ಪರೀಕ್ಷೆಯ ಕೆಲಸವಿರಲಿಲ್ಲ. ಗೇಟಿನ ಎದುರು ಮಾರ್ಚಿನ ಬಿಸಿಲಿನಲ್ಲಿ ಕಪ್ಪು ಛತ್ರಿ ಬಿಚ್ಚಿಕೊಂಡು ಅಷ್ಟೂ ಹೊತ್ತು ನಿಂತರು, ಅವರ ನೆರಳಿನಲ್ಲಿ ನಾನು. ಒಳಗೆ ಹೋದವಳು ಅರ್ಧಕ್ಕೆ ಎದ್ದು ಬರುತ್ತಾಳೇನೋ ಎಂದು ಗೇಟಿನ ಪ್ರತಿ ಸದ್ದಿಗೂ ಇಬ್ಬರೂ ಬೆಚ್ಚುತ್ತಿದ್ದೆವು. ಅವಳು ಎಲ್ಲರ ಜೊತೆ, ಕಡೆಯ ಗಂಟೆಯಾದ ಮೇಲೆಯೇ ಬಂದಳು. ಸುತ್ತಲೂ ತಂದೆ-ತಾಯಿಯರ ಸಂತೆ. ಎಷ್ಟು ಬಿಟ್ಟಿ, ಕಡೇ ಲೆಕ್ಕಾ ಮಾಡಿದ್ಯೋ ಇಲ್ಲೋ ಎಂದು ಎಲ್ಲ ಕಡೆಯಿಂದ ಕೇಳುತ್ತಿತ್ತು. ಅಕ್ಕನ ಕೈಯಲ್ಲಿ ಪ್ರಶ್ನೆಪತ್ರಿಕೆ ಇತ್ತು. ಅಪ್ಪನ ಬಲಗೈ ತಾನಾಗಿ ಅದರ ಕಡೆ ಚಾಚಿತು, ಮಾಸ್ತರಿಕೆಯ ರೂಢಿ. ಅರ್ಧ ದಾರಿಯಲ್ಲಿ ಆ ಕೈ ನಿಂತಿತು. ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು.

“ಊಟಾ ಆತೇನು?” ಎಂದರು ಅಪ್ಪ.

ಅಕ್ಕ ಅವರನ್ನೇ ನೋಡಿದಳು. “ಅಪ್ಪಾ, ಪರೀಕ್ಷಾ ಬರದು ಈಗ ಹೊರಗ ಬಂದೇನ್ರಿ. ಒಳಗ ಊಟಾ ಯಾರು ಹಾಕತಾರ?”

ನಂತರ ನಕ್ಕಳು. ನಗು ಶುರುವಾದದ್ದು ನಿಲ್ಲಲೇ ಇಲ್ಲ, ಹೊಟ್ಟೆ ಹಿಡಿದುಕೊಂಡು ಗೇಟಿನ ಕಂಬಕ್ಕೆ ಒರಗಿದಳು. ಜನವರಿಯಿಂದ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಅಪ್ಪನೂ ನಕ್ಕರು, ಛತ್ರಿ ಅವಳ ತಲೆಯ ಮೇಲೆ ಹಿಡಿದರು, ನಾನು ಬಿಸಿಲಿಗೆ ಬಿದ್ದೆ. ದಾರಿಯುದ್ದಕ್ಕೂ ಹಸಿವಿನ ಮಾತೇ ಆಡಿದಳು, ಎಣ್ಣೆಗಾಯಿ ಉಳಿದಿದೆಯೋ ಇಲ್ಲವೋ ಎಂದು. ಮನೆಯ ತಿರುವು ಬಂದಾಗ ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತಾನಾಗಿಯೇ ಅಪ್ಪನಿಗೆ ಕೊಟ್ಟಳು.

“ತಗೋರಿ, ನೋಡ್ರಿ. ನೋಡಬೇಕಂತ ಜೀವಾ ಹೋಗಾಕತ್ತಿರಬೇಕು ನಿಮಗ.”

“ಆಮ್ಯಾಲ ನೋಡತೇನಿ. ಮೊದಲ ಊಟಾ ಮಾಡೂಣು ನಡಿ,” ಎಂದು ಅಪ್ಪ ಅದನ್ನು ಕೆಂಪು ಪೆನ್ನಿನ ಪಕ್ಕ ಕಿಸೆಗಿಟ್ಟರು.

ಅವಳಿಗೆ ಅಂಕ ಎಷ್ಟು ಬಂದವು ಎಂದು ಈ ಕಥೆ ಕೇಳಿದವರೆಲ್ಲ ಕೇಳುತ್ತಾರೆ. ನಾನು ಹೇಳುವುದಿಲ್ಲ, ಕೇಳುವುದಿಲ್ಲವೆಂದು ಹದಿಮೂರು ಜನ ವೇದಿಕೆಯ ಮೇಲೆ ನಿಂತು ಹಾಡಿದ್ದೇವೆ. ಅಕ್ಕ ಈಗ ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿದ್ದಾಳೆ, ನಾನು ಬರೆದ ಹಾಡುಗಳನ್ನು ಇವತ್ತಿಗೂ ಕೆಂಪು ಪೆನ್ನಿನಿಂದ ತಿದ್ದಿ ಕಳಿಸುತ್ತಾಳೆ. ನನಗೆ ಹೇಳಬೇಕಾದದ್ದು ಗಣಿತದ ಪರೀಕ್ಷೆಯ ನಂತರದ ಭಾನುವಾರದ ಸಂಗತಿ. ಅವ್ವ ಬಟ್ಟೆ ಒಗೆದು ಹಿತ್ತಲಿನ ತಂತಿಗೆ ಹಾಕುತ್ತಿದ್ದಳು. ಅಪ್ಪನ ಬಿಳಿ ಅಂಗಿಯ ಕಿಸೆಯ ತುಂಬ ಕೆಂಪು ಮಸಿ ಹರಡಿತ್ತು. ಅವ್ವ ಬೈಯುತ್ತಾ ಒಳಗೆ ಕೈ ಹಾಕಿ, ಕೆಂಪು ಪೆನ್ನಿನ ಜೊತೆ ನೆಂದು ಮುದ್ದೆಯಾದ ಕಾಗದದ ಒಂದು ಉಂಡೆ ತೆಗೆದಳು. ನಾಲ್ಕು ಮಡಿಕೆಗಳು ಹಾಗೆಯೇ ಒಂದಕ್ಕೊಂದು ಅಂಟಿದ್ದವು. ಅಪ್ಪ ಆ ಪ್ರಶ್ನೆಪತ್ರಿಕೆಯನ್ನು ಬಿಚ್ಚಿಯೇ ಇರಲಿಲ್ಲ.